ಡ್ರೈನೇಜ್ ಪೈಪಿನ ತಿರುವಿಗೆ ಎಲ್ಬೋ ಏಕೆ ಬೇಡ? ಬಾಗಿಲು ಎಲ್ಲಿರಬೇಕು?



ಹೊಸೂರಿನ ನಮ್ಮ ಸಂಘದ ಕಟ್ಟಡಕ್ಕೆ ಬರುವ ಎಲ್ಲರಿಗೂ ಒಂದು ವಿಷಯ ಗೊತ್ತಿದೆ. ದೊಡ್ಡ ಕಾರ್ಯಕ್ರಮವಾಗಿ ಊಟ ಮುಗಿಯುವ ಹೊತ್ತಿಗೆ ನೆಲಮಹಡಿಯ ಶೌಚಾಲಯದಲ್ಲಿ ನೀರು ಉಕ್ಕುತ್ತಿತ್ತು. ವರ್ಷಕ್ಕೆ ಮೂರು ಸಲವಾದರೂ ಇದೇ ಪಾಡು. ಈ ಬಾರಿ ನೆಲ ಅಗೆಸಿ ನೋಡಿದಾಗ ಕಾರಣ ಸಿಕ್ಕಿತು. ಮನೆ ಕಟ್ಟಿಸುತ್ತಿರುವವರಿಗೆ ಉಪಯೋಗವಾಗಲೆಂದು ಅದನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಕುಡಿಯುವ ನೀರಿನ ಪೈಪಿನಲ್ಲಿ ಎಲ್ಬೋ ಹಾಕಿದರೆ ಯಾವ ತೊಂದರೆಯೂ ಇಲ್ಲ. ಅಲ್ಲಿ ಪೈಪ್ ತುಂಬ ನೀರಿರುತ್ತದೆ, ಹಿಂದಿನಿಂದ ಒತ್ತಡವೂ ಇರುತ್ತದೆ. ಕೊಳಚೆ ಪೈಪ್ ಹಾಗಲ್ಲ. ನಾಲ್ಕಿಂಚಿನ ಪೈಪಿನ ತಳದಲ್ಲಷ್ಟೇ ನೀರು ಹರಿಯುತ್ತದೆ, ಮೇಲಿನ ಭಾಗದಲ್ಲಿ ಗಾಳಿ ಇರುತ್ತದೆ. ನೀರನ್ನು ತಳ್ಳುವುದು ಇಳಿಜಾರು ಮಾತ್ರ. ಮಲ, ಕಾಗದ, ಅನ್ನದ ಅಗಳು ಎಲ್ಲವೂ ಆ ತೆಳ್ಳನೆಯ ನೀರಿನ ಮೇಲೆ ತೇಲಿಕೊಂಡು ಹೋಗಬೇಕು. ನೀರಿನ ವೇಗ ಎಲ್ಲಿ ತಗ್ಗುತ್ತದೆಯೋ ಅಲ್ಲಿ ಹೊರೆ ಕೆಳಗೆ ಕೂರುತ್ತದೆ.

ಎಲ್ಬೋ ಎಂದರೆ ಗಕ್ಕನೆ ಬರುವ ಮೂಲೆ. ನೀರು ಎದುರಿನ ಗೋಡೆಗೆ ಬಡಿದು, ಮೇಲೆದ್ದು, ನಿಂತಂತಾಗಿ ಮತ್ತೆ ಹೊರಡುತ್ತದೆ. ಆ ಒಂದು ಕ್ಷಣದಲ್ಲಿ ಕಾಗದದ ಚೂರೊಂದು ಅಲ್ಲೇ ಉಳಿಯುತ್ತದೆ. ಮುಂದಿನ ಸಲ ಅದಕ್ಕೆ ಕೂದಲು ಸಿಕ್ಕಿಕೊಳ್ಳುತ್ತದೆ, ಅದರ ಮೇಲೆ ಅಡುಗೆಯ ಜಿಡ್ಡು ಕೂರುತ್ತದೆ. ಉದ್ದ ಬಾಗಿನ ಬೆಂಡಿನಲ್ಲಾದರೆ ನೀರು ಹೊರಗೋಡೆಗೆ ಒರಗಿಕೊಂಡು ನಿಧಾನವಾಗಿ ದಿಕ್ಕು ಬದಲಿಸುತ್ತದೆ. ವೇಗ ಅಷ್ಟಾಗಿ ಕಳೆಯುವುದಿಲ್ಲ, ಹೊರೆ ನೀರಿನ ಜೊತೆಯಲ್ಲೇ ಸಾಗುತ್ತದೆ.

ಇದು ಎಲ್ಲಕ್ಕಿಂತ ಮುಖ್ಯವಾಗುವುದು ಮಹಡಿಯಿಂದ ಇಳಿಯುವ ಪೈಪಿನ ಬುಡದಲ್ಲಿ. ಮೇಲಿನಿಂದ ನೀರು ಪೈಪಿನ ಒಳಗೋಡೆಗೆ ಅಂಟಿಕೊಂಡು ರಭಸವಾಗಿ ಇಳಿದು ಬಂದು, ಬುಡದಲ್ಲಿ ಒಮ್ಮೆಗೇ ಅಡ್ಡ ತಿರುಗಬೇಕು. ಅಲ್ಲಿ ಎಲ್ಬೋ ಇದ್ದರೆ ನೀರು ಗುಡ್ಡೆಯಾಗಿ ನಿಂತು ಪೈಪನ್ನೇ ತುಂಬಿಬಿಡುತ್ತದೆ. ಕೆಳಗೆ ದೂಡಲ್ಪಟ್ಟ ಗಾಳಿಗೆ ದಾರಿ ಸಿಗದೆ ನೆಲಮಹಡಿಯ ಟ್ರ್ಯಾಪಿನ ನೀರನ್ನು ಸೀಳಿಕೊಂಡು ಹೊರಬರುತ್ತದೆ. ಮೇಲೆ ಫ್ಲಶ್ ಮಾಡಿದಾಗ ಕೆಳಗೆ ಗುಳುಗುಳು ಸದ್ದು, ಹಿಂದೆಯೇ ವಾಸನೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಈ ಜಾಗವನ್ನು.

ಎಲ್ಲ ತಿರುವಿಗೂ ಈ ನಿಯಮವಿಲ್ಲ. ಅಡ್ಡ ಪೈಪಿನಿಂದ ನೀರು ನೇರ ಕೆಳಗೆ ಬೀಳುವ ಕಡೆ ಚಿಕ್ಕ ಬಾಗು ಸಾಕು, ಮುಂದಿನದನ್ನು ಬೀಳುವ ನೀರೇ ನೋಡಿಕೊಳ್ಳುತ್ತದೆ. ಗಾಳಿ ಹೋಗುವ ವೆಂಟ್ ಪೈಪಿಗೂ ಎಲ್ಬೋ ನಡೆಯುತ್ತದೆ. ಬುಡದಲ್ಲಿ ಮತ್ತು ನೆಲದಡಿ ಅಡ್ಡಕ್ಕೆ ಅಡ್ಡ ತಿರುಗುವ ಕಡೆ ಮಾತ್ರ ರಾಜಿ ಬೇಡ.

ಇನ್ನು ನಮ್ಮ ಕಟ್ಟಡದ ಕಥೆ. ಹಿಂಬದಿ ಗೋಡೆಯಲ್ಲಿ ಇಳಿದ ನಾಲ್ಕಿಂಚಿನ ಪೈಪ್ ಬುಡದಲ್ಲಿ ಎಲ್ಬೋ ತಿರುಗಿ, ನೆಲದಡಿ 22 ಅಡಿ ಬಂದು, ಮೆಟ್ಟಿಲಿನ ಬಳಿ ಇನ್ನೊಂದು ಎಲ್ಬೋ ತಿರುಗಿ, ಮತ್ತೆ 18 ಅಡಿ ಹೋಗಿ ಬೀದಿ ಬದಿಯ ಚೇಂಬರ್ ಸೇರುತ್ತಿತ್ತು. ಮಧ್ಯೆ ಎಲ್ಲೂ ಬಾಗಿಲಿರಲಿಲ್ಲ. ಈ ಸಲ ಬಂದ ಹಿರಿಯ ಪ್ಲಂಬರ್ ಮೊದಲು ಚೇಂಬರಿನ ಮುಚ್ಚಳ ತೆಗೆದು, "ಮೇಲೆ ಎರಡು ಬಕೆಟ್ ನೀರು ಹುಯ್ಯಿ ಸಾರ್" ಎಂದರು. ಚೇಂಬರಿಗೆ ಒಂದು ಹನಿಯೂ ಬರಲಿಲ್ಲ, ಕೆಳಗಿನ ಶೌಚಾಲಯದಲ್ಲಿ ಮಾತ್ರ ನೀರು ಏರಿತು. ಅಂದರೆ ಕಟ್ಟಿಕೊಂಡಿರುವುದು ಇವೆರಡರ ನಡುವೆ. ಚೇಂಬರಿನ ಕಡೆಯಿಂದ ಸ್ಪ್ರಿಂಗ್ ಬಿಟ್ಟರು. ಅದು ನಿಂತ ಕಡೆ ಗುರುತು ಹಾಕಿ, ಹೊರಗೆಳೆದು ಅಳೆದರೆ 18 ಅಡಿ. ಸರಿಯಾಗಿ ಮೆಟ್ಟಿಲಿನ ಬಳಿಯ ಎಲ್ಬೋ.

ಎಲ್ಬೋ ಕಸವನ್ನು ಹಿಡಿದಿಟ್ಟದ್ದಷ್ಟೇ ಅಲ್ಲ, ಅದನ್ನು ತೆಗೆಯಲು ಬಂದ ಸ್ಪ್ರಿಂಗನ್ನೂ ತಡೆದಿತ್ತು. ಹಿಂದಿನ ಸಲಗಳಲ್ಲಿ ಸ್ಪ್ರಿಂಗಿನ ತುದಿ ಗಡ್ಡೆಗೆ ಒಂದು ತೂತು ಕೊರೆದು ನೀರಿಗೆ ದಾರಿ ಮಾಡಿತ್ತೇ ಹೊರತು ಗಡ್ಡೆಯನ್ನು ತೆಗೆದಿರಲಿಲ್ಲ. ಟೈಲ್ಸ್ ಒಡೆದಾಗ ಕಂಡದ್ದು ಬಟ್ಟೆಯ ನೂಲು, ಅನ್ನ, ಜಿಡ್ಡು ಸೇರಿ ಕಲ್ಲಿನಂತಾದ ಮುದ್ದೆ.

ದುರಸ್ತಿ ಹೀಗಾಯಿತು. ಎರಡೂ ತಿರುವಿನಲ್ಲಿ ಎಲ್ಬೋ ತೆಗೆದು, 45 ಡಿಗ್ರಿಯ ಎರಡೆರಡು ಬೆಂಡ್ ಹಾಕಿ, ಅವುಗಳ ನಡುವೆ ಒಂದಡಿ ನೇರ ಪೈಪ್ ಕೂಡಿಸಿದರು. ಅಂಗಡಿಯಲ್ಲಿ "ಬೆಂಡ್" ಎಂದು ಕೊಡುವುದೆಲ್ಲ ಉದ್ದ ಬಾಗಿನದ್ದಲ್ಲ. ಕೈಯಲ್ಲಿ ಹಿಡಿದು ನೋಡಿ. ಬಾಗು ಮೊಂಡಾಗಿದ್ದರೆ ಎರಡು 45 ಡಿಗ್ರಿಯವೇ ವಾಸಿ. ಇದಕ್ಕೆ ಹೆಚ್ಚು ಜಾಗ, ಹೆಚ್ಚು ಆಳ ಬೇಕು ಎಂಬುದು ನಿಜ. ಆದ್ದರಿಂದ ಅಡಿಪಾಯದ ಹಂತದಲ್ಲೇ ಮೇಸ್ತ್ರಿಗೆ ಹೇಳಿರಬೇಕು. ಇಳಿಜಾರನ್ನೂ ಆಗಲೇ ಸರಿಪಡಿಸಿದೆವು: 60ಕ್ಕೆ 1ರಂತೆ, ಅಂದರೆ 40 ಅಡಿ ಉದ್ದಕ್ಕೆ 8 ಇಂಚು. ಇಳಿಜಾರು ಕೆಟ್ಟಿದ್ದರೆ ಎಂಥ ಬೆಂಡ್ ಹಾಕಿದರೂ ಪ್ರಯೋಜನವಿಲ್ಲ.

ಈಗ ಬಾಗಿಲಿನ ವಿಚಾರ. ಕ್ಲೀನ್‌ಔಟ್ ಎಂದರೆ ಪೈಪಿನೊಳಗೆ ಸ್ಪ್ರಿಂಗ್ ಬಿಡಲು ತೆರೆಯಬಹುದಾದ ಬಾಯಿ. ಅದು ತಿರುವಿಗಿಂತ ಮೇಲ್ಭಾಗದಲ್ಲಿ, ಅಂದರೆ ನೀರು ಬರುವ ಕಡೆ ಇರಬೇಕು. ಆಗ ಸ್ಪ್ರಿಂಗ್ ನೀರು ಹರಿಯುವ ದಿಕ್ಕಿನಲ್ಲೇ ಹೋಗಿ ಕಸವನ್ನು ಮುಂದಕ್ಕೆ ದೂಡುತ್ತದೆ. ಇಳಿಯುವ ಪ್ರತಿ ಪೈಪಿನ ಬುಡದಲ್ಲೂ ಒಂದು ಬೇಕು. ನಾವು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಡೋರ್ ಟೀ ಹಾಕಿಸಿದೆವು. ನೆಲದಡಿ ದೊಡ್ಡ ತಿರುವು ಬಂದಲ್ಲಿ ಇನ್ನೊಂದು ಬೇಕು. ಮೆಟ್ಟಿಲಿನ ಬಳಿ ವೈ ಕೂಡಿಸಿ, ಅದರ ಒಂದು ಬಾಯಿಯನ್ನು ನೆಲಮಟ್ಟಕ್ಕೆ ತಂದು ಮುಚ್ಚಳ ಹಾಕಿದ್ದಾರೆ. ಕಾಂಪೌಂಡಿನೊಳಗೆ ಪೈಪ್‌ಗಳು ಕೂಡುವ ಕಡೆ, ದಿಕ್ಕು ಅಥವಾ ಇಳಿಜಾರು ಬದಲಾಗುವ ಕಡೆ ಚೇಂಬರೇ ಇರಲಿ. ನೇರ ಓಟದಲ್ಲೂ ಎರಡು ಚೇಂಬರುಗಳ ನಡುವೆ 30 ಮೀಟರಿಗಿಂತ ಹೆಚ್ಚು ಅಂತರ ಬೇಡ.

ಬಾಗಿಲಿದ್ದರೆ ಸಾಲದು, ತೆರೆಯಲೂ ಬರಬೇಕು. ಅದರ ಮುಂದೆ ಒಂದೂವರೆ ಅಡಿಯಾದರೂ ಖಾಲಿ ಜಾಗ ಬಿಡಿ. ಚಂದ ಕಾಣಲೆಂದು ಮೇಲೆ ಟೈಲ್ಸ್ ಅಂಟಿಸಬೇಡಿ, ಬೀರು ಇಡಬೇಡಿ. ಪೈಪ್ ಕಟ್ಟಿಕೊಂಡಿರುವಾಗ ತೆರೆಯುವುದಾದರೆ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ, ಪಕ್ಕಕ್ಕೆ ನಿಂತುಕೊಳ್ಳಿ. ಮೇಲಿನ ಪೈಪಿನಲ್ಲಿ ನಿಂತ ನೀರೆಲ್ಲ ಅಲ್ಲಿಂದಲೇ ನುಗ್ಗುತ್ತದೆ.

ಬಾಗಿಲಿಲ್ಲದ ಪೈಪ್ ಕಟ್ಟಿಕೊಂಡಾಗ ಕೊನೆಗೆ ಯಾರನ್ನಾದರೂ ಚೇಂಬರಿಗೆ ಇಳಿಸುವ ಯೋಚನೆ ಬರುತ್ತದೆ. ನಮ್ಮಲ್ಲೂ ಒಮ್ಮೆ ಆ ಮಾತು ಬಂದಿತ್ತು. ರಕ್ಷಣಾ ಸಲಕರಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಿ ಶುಚಿ ಮಾಡಿಸುವುದು 2013ರ ಕಾಯ್ದೆಯಂತೆ ಅಪರಾಧ. ಒಂದು ಡೋರ್ ಟೀ ಸರಿಯಾದ ಜಾಗದಲ್ಲಿದ್ದರೆ ಆ ಮಾತೇ ಬರುವುದಿಲ್ಲ.

ಮನೆ ಕಟ್ಟಿಸುತ್ತಿರುವವರು ಮಣ್ಣು ಮುಚ್ಚುವ ಮುನ್ನ ಪ್ರತಿ ತಿರುವಿನ ಪಕ್ಕ ಅಳತೆ ಟೇಪ್ ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಕಟ್ಟಡದ ಹೊಸ ಪೈಪಿನ ನಕ್ಷೆಯನ್ನು ಕಚೇರಿಯ ಗೋಡೆಗೆ ಅಂಟಿಸಿದ್ದೇವೆ. ಮುಂದಿನ ಕಾರ್ಯಕ್ರಮಕ್ಕೆ ಬಂದಾಗ ನೋಡಬಹುದು.