ಬಾಯಾರಿಸುವ ಮಳೆ: ಪ್ರೇಮಕವಿತೆಯ ವಿರೋಧಾಭಾಸ

ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಮಾತುಗಳು ಒಂದೇ ಕಡೆ ಸೇರಿ, ಯೋಚಿಸಿದಾಗ ಅರ್ಥ ಕೂಡಿಬಂದರೆ ಅದು ವಿರೋಧಾಭಾಸ. ‘ಸವಿಗಹಿ’ಯಂತೆ ಎರಡೇ ಪದಗಳಲ್ಲಿ ಅದು ಮುಗಿಯಬಹುದು, ಇಡೀ ವಾಕ್ಯಕ್ಕೂ ಹರಡಬಹುದು.

ಪ್ರೇಮಕವಿತೆಗೆ ಇದು ಏಕೆ ಬೇಕು? ಮೂಡಿಗೆರೆ, ಕಳಸದ ಕಾಫಿ ಸೀಮೆಯಿಂದಲೇ ಒಂದು ಸಾಲು ಕಟ್ಟಿ ನೋಡಬಹುದು: ‘ಮಳೆ ಬಂದ ಮೇಲೆಯೇ ಬಾಯಾರಿತು.’

ಬೇಸಿಗೆಯ ಹೂಮಳೆ ಬೀಳುವ ತನಕ ಕಾಫಿಯ ಮೊಗ್ಗು ಸುಮ್ಮನೆ ಕಾದಿರುತ್ತದೆ. ಮಳೆಯಾಗಿ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ ಹೂ. ಆಮೇಲೆ ಕೆಲವೇ ವಾರಗಳಲ್ಲಿ ಇನ್ನೊಂದು ಮಳೆ ಬೇಕು. ಅದು ಕೈಕೊಟ್ಟರೆ, ಮುಖ್ಯವಾಗಿ ರೋಬಸ್ಟಾದಲ್ಲಿ, ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಮೊದಲ ಮಳೆಯೇ ಎರಡನೆಯದರ ಅಗತ್ಯವನ್ನು ಹುಟ್ಟಿಸಿತು.

ಪ್ರೇಮಿಯ ಪಾಡೂ ಇದೇ. ‘ನೀನು ಬಂದೆ, ಖುಷಿಯಾಯಿತು, ನೀನು ಹೋದೆ, ಬೇಸರವಾಯಿತು’ ಎಂದರೆ ಸುಖ ಮೊದಲು, ದುಃಖ ಆಮೇಲೆ ಎಂದಾಗುತ್ತದೆ. ವಿರೋಧಾಭಾಸದಲ್ಲಿ ಈ ಹಿಂದುಮುಂದು ಇಲ್ಲ. ತಣಿಸಿದ ಭೇಟಿಯೇ ಹಂಬಲಕ್ಕೂ ಕಾರಣ. ನೇರ ಮಾತಿಗೆ ಸಿಗದೆ ಉಳಿಯುವುದು ಈ ಕಾರಣವೇ.

ಸಂಸ್ಕೃತದ ದಂಡಿ ‘ವಿರೋಧ’ವನ್ನು ಅಲಂಕಾರಗಳಲ್ಲಿ ಎಣಿಸಿದ್ದಾನೆ. ವಿರಹಿಯನ್ನು ಸುಡುವ ತಣ್ಣನೆ ಬೆಳದಿಂಗಳು ಹಳೆಯ ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಳಸಿ ಬಳಸಿ ಅದು ಸವೆದದ್ದೂ ಉಂಟು. ‘ಸಿಹಿ ನೋವು’ ಇಂದು ಹಾಗೆಯೇ ಆಗಿದೆ: ‘ಸಿಹಿ’ಯನ್ನು ತೆಗೆದು ಓದಿದರೂ ಎಷ್ಟೋ ಸಾಲುಗಳಲ್ಲಿ ಏನೂ ಕಳೆಯುವುದಿಲ್ಲ. ಮಳೆಯ ಸಾಲಿನಿಂದ ‘ಬಾಯಾರಿಕೆ’ಯನ್ನು ತೆಗೆದರೆ ಉಳಿಯುವುದು ಬರೀ ಹವಾಮಾನ ವರದಿ.