ಗರುಡನ ಬೊಂಬೆಯ ಛಾಯಾಚಿತ್ರ

ಕೊಪ್ಪಳಕ್ಕೆ ಸಮೀಪವಾದ ಕಿನ್ನಾಳ ಗ್ರಾಮವು ಮರದ ಬೊಂಬೆಗಳಿಗೆ ಹೆಸರಾದುದು. ಅಲ್ಲಿಯ ಚಿತ್ರಗಾರರ ಈ ಕೈಕೆಲಸಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಯಲಬುರ್ಗಾ ಕಡೆಯ ಒಂದು ಮನೆಯಲ್ಲಿ ಬಣ್ಣ ಮಾಸಿದ ಗರುಡನ ಬೊಂಬೆಯೊಂದು ಇದೆಯೆಂದು ಭಾವಿಸೋಣ. ಮನೆಯವರು ಅದಕ್ಕೆ ಹೊಸ ಬಣ್ಣ ಬಳಿಸಬೇಕೆಂದಿದ್ದಾರೆ. ಅದು ನಿಜವಾಗಿಯೂ ಕಿನ್ನಾಳದ್ದೋ, ಅಚ್ಚಿನಲ್ಲಿ ಎರೆದ ಅನುಕರಣವೋ ಎಂಬುದು ಬಣ್ಣ ಬೀಳುವ ಮೊದಲೇ ತಿಳಿಯಬೇಕು. ಒಮ್ಮೆ ಬಳಿದರೆ ಗುರುತುಗಳೆಲ್ಲ ಮುಚ್ಚಿಹೋಗುತ್ತವೆ. ಬಲ್ಲವರು ದೂರದ ಊರಿನಲ್ಲಿದ್ದಾರೆ. ಅವರ ಬಳಿಗೆ ಹೋಗಬೇಕಾದುದು ಛಾಯಾಚಿತ್ರಗಳು.

ಯಾವ ಭಾಗವನ್ನು ತೆಗೆಯಬೇಕೆಂಬುದು ಬೊಂಬೆಯ ರಚನೆಯನ್ನು ಅರಿತವರಿಗೆ ತಾನಾಗಿ ತಿಳಿಯುತ್ತದೆ. ಕಿನ್ನಾಳದ ಕುಶಲಿಗಳು ಹಗುರವಾದ ಮರದಲ್ಲಿ ಅಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯ ಪುಡಿ, ಮರದ ಪುಡಿ ಹಾಗೂ ಅದೇ ಅಂಟನ್ನು ಕಲಸಿದ 'ಕಿಟ್ಟ'ವನ್ನು ಮೈಮೇಲೆಲ್ಲ ಸವರುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರುಗಳು, ಬಟ್ಟೆಯ ಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಹಾರ, ಕಿರೀಟ ಮೊದಲಾದ ಆಭರಣಗಳನ್ನು ಅಂಟು ಬೆರೆಸಿದ ಕಲ್ಲುಪುಡಿಯಿಂದಲೇ ಉಬ್ಬಿಸುತ್ತಾರೆ. ಆದುದರಿಂದ ನೋಡಬೇಕಾದುದು ಬಣ್ಣದ ಚೆಲುವನ್ನಲ್ಲ, ಈ ಪದರಗಳನ್ನು ಮತ್ತು ಈ ಉಬ್ಬನ್ನು.

ಮೊದಲು ಇಡೀ ಬೊಂಬೆಯ ಚಿತ್ರಗಳು. ಬಿಸಿಲಿನಲ್ಲಿ ಇಟ್ಟರೆ ಒಂದು ಪಕ್ಕ ಬೆಳ್ಳಗಾಗಿ, ಇನ್ನೊಂದು ಕಪ್ಪಾಗುತ್ತದೆ. ಕ್ಯಾಮರಾದ ಫ್ಲ್ಯಾಶ್ ಬೆಳಕು ಮೆರುಗಿನ ಮೇಲೆ ಬಿಳಿಯ ಚುಕ್ಕೆಯಾಗಿ ಕುಳಿತು ಅಲ್ಲಿಯ ವಿವರವನ್ನೇ ನುಂಗಿಬಿಡುತ್ತದೆ. ಬೆಳಗಿನ ಹೊತ್ತು ಪಡಸಾಲೆಯ ನೆರಳಿನಲ್ಲಿ, ಬಯಲಿನ ಕಡೆ ಮುಖಮಾಡಿ ಇಡುವುದು ಮೇಲು. ಕ್ಯಾಮರಾವು ಬೊಂಬೆಯ ಎದೆಯ ಮಟ್ಟದಲ್ಲಿರಲಿ. ನಿಂತು ಮೇಲಿನಿಂದ ತೆಗೆದರೆ ತಲೆ ದೊಡ್ಡದಾಗಿ ಕಾಲು ಕುಗ್ಗಿ ಕಾಣುವುದರಿಂದ ಅಳತೆಯ ಅಂದಾಜು ತಪ್ಪುತ್ತದೆ. ಮುಂದೆ, ಹಿಂದೆ, ಎರಡು ಪಕ್ಕ ತೆಗೆಯಬೇಕು. ಪಕ್ಕದಲ್ಲಿ ಅಳತೆಪಟ್ಟಿಯನ್ನೂ ಬಿಳಿಯ ಕಾಗದದ ತುಂಡನ್ನೂ ಇಡಬೇಕು. ಕಾಗದವು ಚಿತ್ರದಲ್ಲಿ ಹಳದಿಯಾಗಿ ಕಂಡರೆ ಬೊಂಬೆಯ ಬಣ್ಣವೂ ಅಷ್ಟೇ ಕೆಟ್ಟಿದೆಯೆಂದು ನೋಡುವವರು ತಿಳಿಯಬಲ್ಲರು.

ಇನ್ನು ಓರೆ ಬೆಳಕು. ಕೋಣೆಯನ್ನು ಕತ್ತಲೆ ಮಾಡಿ, ಕೈದೀಪವನ್ನು ಬೊಂಬೆಯ ಪಕ್ಕಕ್ಕೆ ಹಿಡಿದು, ಬೆಳಕು ಎದೆಯ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಬೇಕು. ಆಗ ಉಬ್ಬಿದ ಹಾರದ ಒಂದೊಂದು ಮಣಿಗೂ ನೆರಳು ಬೀಳುತ್ತದೆ. ಬರಿಯ ಬಣ್ಣದಲ್ಲಿ ಬರೆದ ಹಾರಕ್ಕೆ ನೆರಳಿಲ್ಲ. ಕೈಯಿಂದ ಉಬ್ಬಿಸಿದ ಮಣಿಗಳು ಒಂದರಂತೆ ಒಂದಿರುವುದಿಲ್ಲ. ಅಚ್ಚಿನ ಬೊಂಬೆಯಾದರೋ, ಕಿವಿಯ ಹಿಂದೆ ಅಥವಾ ತೋಳಿನ ಅಂಚಿನುದ್ದಕ್ಕೆ ಎರಡು ಅಚ್ಚುಗಳು ಕೂಡಿದ ತೆಳುವಾದ ಗೆರೆ ಎದ್ದು ತೋರಬಹುದು. ದೀಪವನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಹಿಡಿದು ಎರಡು ಚಿತ್ರ ತೆಗೆಯುವುದು ಒಳ್ಳೆಯದು. ಒಂದರಲ್ಲಿ ಮರೆಯಾದುದು ಇನ್ನೊಂದರಲ್ಲಿ ಹೊರಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಬಣ್ಣ ಉದುರಿದ ಜಾಗ. ನಮ್ಮ ಗರುಡನ ರೆಕ್ಕೆಯ ತುದಿ ಒಡೆದಿದೆ ಎನ್ನೋಣ. ಅದರ ಸಮೀಪ ಚಿತ್ರ ಬೇಕು. ಆದರೆ ಪ್ರತಿ ಕ್ಯಾಮರಾಕ್ಕೂ ಇದಕ್ಕಿಂತ ಹತ್ತಿರ ಬಂದರೆ ಚಿತ್ರ ಮಸುಕಾಗುವ ಒಂದು ದೂರವಿದೆ. ಮಸುಕಾದರೆ ತುಸು ಹಿಂದೆ ಸರಿದು, ಸ್ಪಷ್ಟವಾದ ಚಿತ್ರವನ್ನು ತೆಗೆದು, ಬಳಿಕ ಬೇಕಾದ ಭಾಗವನ್ನು ಕತ್ತರಿಸಿಕೊಳ್ಳಬೇಕು. ಕ್ಯಾಮರಾ ಒಡೆದ ಮುಖಕ್ಕೆ ನೇರವಾಗಿರಲಿ, ಓರೆಯಾದರೆ ಒಂದು ಅಂಚು ಮಾತ್ರ ಸ್ಪಷ್ಟವಾಗುತ್ತದೆ. ಮೊಣಕೈಗಳನ್ನು ಮೇಜಿನ ಮೇಲೆ ಊರಿದರೆ ಕೈ ನಡುಗದು. ಅಲ್ಲಿ ಬಣ್ಣದ ಕೆಳಗೆ ಲೇಪ, ಲೇಪದಡಿ ಬಟ್ಟೆಯ ನೂಲು, ಅದರಡಿ ನಾರುನಾರಾದ ಕಿಟ್ಟ ಕಂಡರೆ ಅದು ಬಲವಾದ ಸಾಕ್ಷ್ಯ. ಒಂದೇ ಸಮನಾದ ಬಿಳಿಯ ಒಡಲು, ನಡುವೆ ಸಣ್ಣ ದುಂಡನೆಯ ಗಾಳಿಗುಳಿಗಳು ಕಂಡರೆ ಅದು ಎರಕ. ಒಡೆದ ಜಾಗ ಸಿಗದಿದ್ದರೆ ಉಗುರಿನಿಂದ ಕೆರೆದು ಮಾಡಿಕೊಳ್ಳುವುದು ಸಲ್ಲದು! ಬೊಂಬೆಯನ್ನು ಮೆಲ್ಲನೆ ಮಲಗಿಸಿ ಪೀಠದ ತಳವನ್ನು ತೆಗೆದರೆ ಸಾಕು. ಬಣ್ಣ ತಾಗದ ಅಲ್ಲಿ ಮರದ ಎಳೆಗಳೂ ಉಳಿಯ ಗುರುತುಗಳೂ ಉಳಿದಿರುವ ಸಂಭವ ಹೆಚ್ಚು.

ಇಷ್ಟರಿಂದ ಮರದ ಕೈಕೆಲಸವೆಂಬುದು ತಿಳಿಯಬಹುದು, ಕಿನ್ನಾಳದ್ದೇ ಎಂಬುದು ತಿಳಿಯದು. ಆಂಧ್ರದ ಕೊಂಡಪಲ್ಲಿಯಲ್ಲಿಯೂ ಹಗುರವಾದ ಮರವನ್ನೂ, ಹುಣಸೆಬೀಜದ ಅಂಟು ಬೆರೆತ ಮರಪುಡಿಯನ್ನೂ ಬಳಸುತ್ತಾರೆ. ಅದಕ್ಕಾಗಿಯೇ ಮುಖದ ಸಮೀಪ ಚಿತ್ರ ಬೇಕು: ಕಣ್ಣಿನ ರೇಖೆ, ಹುಬ್ಬು, ಕಿರೀಟದ ವಿನ್ಯಾಸ. ಆ ಕುಂಚದ ಓಟವನ್ನು ಬಲ್ಲವರು ಗುರುತಿಸುತ್ತಾರೆ. ತೂಕವನ್ನು ಚಿತ್ರವು ಹೇಳಲಾರದಾದುದರಿಂದ ತಕ್ಕಡಿಯಲ್ಲಿ ತೂಗಿ, ಎತ್ತರದೊಡನೆ ಕಾಗದದಲ್ಲಿ ಬರೆದು ಕಳುಹಿಸಬೇಕು. ಉತ್ತರ ಬರುವವರೆಗೆ ಬಣ್ಣದ ಡಬ್ಬಿಯ ಮುಚ್ಚಳ ತೆರೆಯಬಾರದು.