ಚಕ್ರಕ್ಕೂ ತನ್ನದೇ ಒಂದು ಅಕ್ಷವಿದೆ

ಹೊಸ ಟೈರ್ ಹಾಕಿಸಿದ ಕಾರು ಊರೊಳಗೆ ಸರಾಗವಾಗಿ ಓಡುತ್ತದೆ. ಹೆದ್ದಾರಿಗೆ ಬಂದು ವೇಗ ಏರುತ್ತಿದ್ದಂತೆ ಸ್ಟೀರಿಂಗ್ ಕೈಯಲ್ಲೇ ನಡುಗತೊಡಗುತ್ತದೆ. ಟೈರ್ ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗ ಚಕ್ರ ಬಿಚ್ಚಿ, ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಏರಿಸಿ ಗಿರ್ರನೆ ತಿರುಗಿಸುತ್ತಾನೆ. ಪರದೆಯ ಮೇಲೆ ಎರಡು ಅಂಕಿ ಬರುತ್ತವೆ. “ಒಳಗಡೆ ಐವತ್ತು, ಹೊರಗಡೆ ಐವತ್ತು ಸಾರ್” ಎನ್ನುತ್ತ ರಿಮ್ಮಿನ ಒಳ ಅಂಚಿಗೊಂದು, ಹೊರ ಅಂಚಿಗೊಂದು ತೂಕದ ತುಂಡು ಹೊಡೆಯುತ್ತಾನೆ. ನಡುಕ ನಿಂತುಹೋಗುತ್ತದೆ.

ಚಕ್ರದ ಒಂದು ಪಕ್ಕ ಭಾರವಾಗಿದ್ದರೆ ಎದುರು ಪಕ್ಕಕ್ಕೆ ಒಂದು ತುಂಡು ಹೊಡೆದರೆ ಸಾಲದೇ? ಒಳಗೊಂದು ಹೊರಗೊಂದು ಯಾಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ, ತಿರುಗುವ ಪ್ರತಿಯೊಂದು ಗಟ್ಟಿ ವಸ್ತುವಿನೊಳಗೂ ಅಡಗಿರುವ ಮೂರು ಅಕ್ಷಗಳ ಬಳಿಗೆ ಬಂದು ನಿಲ್ಲುತ್ತೇವೆ. ಭೌತಶಾಸ್ತ್ರದಲ್ಲಿ ಅವುಗಳ ಹೆಸರು ಪ್ರಧಾನ ಅಕ್ಷಗಳು.

ನಿಂತಾಗ ಕಾಣದ ದೋಷ

ಒಂದು ಚಕ್ರವನ್ನು ತೆಗೆದುಕೊಳ್ಳೋಣ. ರಿಮ್ಮಿನ ಹೊರ ಅಂಚಿನಲ್ಲಿ, ಮೇಲ್ಗಡೆ, 50 ಗ್ರಾಂ ಹೆಚ್ಚಿನ ತೂಕವಿದೆ. ಒಳ ಅಂಚಿನಲ್ಲಿ, ಕೆಳಗಡೆ, ಅಷ್ಟೇ ತೂಕ ಹೆಚ್ಚಾಗಿದೆ. ಎರಡೂ ಆಕ್ಸಲ್ ರೇಖೆಯಿಂದ 20 ಸೆಂಟಿಮೀಟರ್ ದೂರದಲ್ಲಿವೆ. ಚಕ್ರದ ನಡುಮಟ್ಟದಿಂದ ಒಂದು 8 ಸೆಂಟಿಮೀಟರ್ ಹೊರಗೆ, ಇನ್ನೊಂದು 8 ಸೆಂಟಿಮೀಟರ್ ಒಳಗೆ.

ಈ ಚಕ್ರವನ್ನು ಆಕ್ಸಲ್ ಮೇಲೆ ಸಡಿಲವಾಗಿ ಬಿಟ್ಟರೆ ಅದು ಯಾವ ಕಡೆಗೂ ಉರುಳುವುದಿಲ್ಲ. ಮೇಲಿನ ಭಾರವನ್ನು ಕೆಳಗಿನ ಭಾರ ಸರಿದೂಗಿಸುತ್ತದೆ. ದ್ರವ್ಯರಾಶಿ ಕೇಂದ್ರ ಕರಾರುವಾಕ್ಕಾಗಿ ಆಕ್ಸಲ್ ಮೇಲೆಯೇ ಇದೆ. ನಿಂತ ಚಕ್ರವನ್ನು ಎಷ್ಟು ಪರೀಕ್ಷಿಸಿದರೂ ದೋಷ ಸಿಗದು.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಥೆ ಬೇರೆ. ಟೈರಿನ ತ್ರಿಜ್ಯ 30 ಸೆಂಟಿಮೀಟರ್ ಎಂದುಕೊಂಡರೆ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ಹಾಕುತ್ತದೆ. ಆಗ ಪ್ರತಿ 50 ಗ್ರಾಂ ತುಂಡು ಸುಮಾರು 86 ನ್ಯೂಟನ್ ಬಲದಿಂದ, ಅಂದರೆ ಎಂಟೂವರೆ ಕಿಲೋಗ್ರಾಂಗೂ ಮಿಗಿಲಾದ ತೂಕದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಒಂದು ಮೇಲಕ್ಕೆ ಎಳೆದಾಗ ಇನ್ನೊಂದು ಕೆಳಕ್ಕೆ ಎಳೆಯುತ್ತದೆ, ಆದರೆ ಎರಡೂ ಒಂದೇ ಮಟ್ಟದಲ್ಲಿಲ್ಲ. ನಡುವೆ 16 ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಒಟ್ಟು ಬಲ ಸೊನ್ನೆಯಾದರೂ ಆಕ್ಸಲನ್ನು ಓರೆಯಾಗಿಸುವ ತಿರುಚು ಉಳಿಯುತ್ತದೆ. ಅದು ಸುಮಾರು 13.7 ನ್ಯೂಟನ್-ಮೀಟರ್. ಚಕ್ರದೊಂದಿಗೆ ಅದೂ ಸುತ್ತುವುದರಿಂದ ಸೆಕೆಂಡಿಗೆ ಹದಿನೈದು ಬಾರಿ ದಿಕ್ಕು ಬದಲಿಸುತ್ತ ಸ್ಟೀರಿಂಗನ್ನು ಅಲುಗಾಡಿಸುತ್ತದೆ. ವೇಗ ಅರ್ಧವಾದರೆ ಈ ತಿರುಚು ಕಾಲುಭಾಗಕ್ಕೆ ಇಳಿಯುತ್ತದೆ. ಊರೊಳಗೆ ಕಾರು ಸುಮ್ಮನಿರುವುದು ಇದಕ್ಕೇ.

ಒಂಬತ್ತು ಅಂಕಿಗಳ ಚೌಕ

ಈ ದೋಷವನ್ನು ಲೆಕ್ಕದಲ್ಲಿ ಹಿಡಿಯುವುದು ಜಡತ್ವ ಮಾತೃಕೆ. ಶಾಲೆಯಲ್ಲಿ ಕಲಿತ ಜಡತ್ವ ಭ್ರಾಮಕ ಒಂದೇ ಒಂದು ಸಂಖ್ಯೆ: ಒಂದು ಅಕ್ಷದ ಸುತ್ತ ವಸ್ತುವನ್ನು ತಿರುಗಿಸುವುದು ಎಷ್ಟು ಕಷ್ಟ ಎಂಬುದರ ಅಳತೆ. ಅಕ್ಷ ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತದೆ. ಎಲ್ಲ ಅಕ್ಷಗಳ ಮಾಹಿತಿಯನ್ನೂ ಒಟ್ಟಿಗೆ ಹಿಡಿದಿಡಲು ಮೂರು ಸಾಲು, ಮೂರು ಕಂಬಗಳ ಚೌಕ ಬೇಕು.

ನಮ್ಮ ಚಕ್ರದಲ್ಲಿ x ದಿಕ್ಕು ಆಕ್ಸಲ್ ಉದ್ದಕ್ಕೆ, y ಮೇಲಕ್ಕೆ, z ಮುಂದಕ್ಕೆ ಇರಲಿ. ಟೈರ್, ರಿಮ್ ಸೇರಿ ಸುಮಾರು 15 ಕಿಲೋ ತೂಗುವ ಚಕ್ರಕ್ಕೆ ಆಕ್ಸಲ್ ಸುತ್ತಲಿನ ಜಡತ್ವ ಭ್ರಾಮಕ 0.9, ಯಾವುದೇ ವ್ಯಾಸದ ಸುತ್ತ 0.5 ಎಂದು ಇಟ್ಟುಕೊಳ್ಳಬಹುದು (ಏಕಮಾನ: ಕಿಲೋಗ್ರಾಂ-ಚದರ ಮೀಟರ್). ಇವು ಚೌಕದ ಕರ್ಣದಲ್ಲಿ ಕೂರುತ್ತವೆ.

ಕರ್ಣದ ಹೊರಗಿನ ಅಂಕಿಗಳು ಬೇರೆಯೇ ಸುದ್ದಿ ಹೇಳುತ್ತವೆ. ಪ್ರತಿ ತುಣುಕಿನ ದ್ರವ್ಯರಾಶಿಯನ್ನು ಅದರ x ದೂರದಿಂದಲೂ y ದೂರದಿಂದಲೂ ಗುಣಿಸಿ, ಎಲ್ಲವನ್ನೂ ಕೂಡಿಸಿ, ಮುಂದೆ ಋಣ ಚಿಹ್ನೆ ಹಾಕಬೇಕು. ಸಮಮಿತಿಯಿರುವ ಚಕ್ರದಲ್ಲಿ ಒಂದು ತುಣುಕಿನ ಪಾಲನ್ನು ಎದುರಿನ ತುಣುಕು ಅಳಿಸಿಹಾಕುವುದರಿಂದ ಮೊತ್ತ ಸೊನ್ನೆ. ನಮ್ಮ ಎರಡು ತುಂಡುಗಳು ಹಾಗಲ್ಲ. ಮೇಲಿನದರ ಪಾಲು 0.05 × 0.08 × 0.2, ಅಂದರೆ 0.0008. ಕೆಳಗಿನದಕ್ಕೆ ಎರಡೂ ದೂರ ಋಣ; ಗುಣಿಸಿದರೆ ಮತ್ತೆ ಧನ 0.0008. ಎರಡೂ ಕೂಡಿ 0.0016. ಈ ತುಂಡುಗಳಿಂದ ಕರ್ಣದ ಅಂಕಿಗಳಿಗೆ ಆಗುವ ಸಣ್ಣ ಹೆಚ್ಚಳವನ್ನು ಬಿಟ್ಟರೆ ಚೌಕ ಹೀಗಿರುತ್ತದೆ:

```
 0.9      -0.0016   0
-0.0016    0.5      0
 0         0        0.5
```

ಕೋನೀಯ ವೇಗವನ್ನು ಈ ಮಾತೃಕೆಯಿಂದ ಗುಣಿಸಿದರೆ ಕೋನೀಯ ಸಂವೇಗ ಸಿಗುತ್ತದೆ. ಚಕ್ರ ಆಕ್ಸಲ್ ಸುತ್ತ ತಿರುಗುವಾಗ ವೇಗದ ದಿಕ್ಕು (1, 0, 0). ಗುಣಲಬ್ಧ (0.9, -0.0016, 0). ಎರಡನೆಯ ಸ್ಥಾನ ಸೊನ್ನೆಯಾಗಿಲ್ಲ. ಚಕ್ರ ತಿರುಗುತ್ತಿರುವುದು ಒಂದು ದಿಕ್ಕಿನ ಸುತ್ತ, ಅದರ ಸಂವೇಗ ನೋಡುತ್ತಿರುವುದು ಸ್ವಲ್ಪ ಓರೆಯಾದ ಇನ್ನೊಂದು ದಿಕ್ಕಿಗೆ. ಆ ಓರೆ ಸಂವೇಗ ಚಕ್ರದೊಂದಿಗೆ ಸುತ್ತುತ್ತಲೇ ಇರಬೇಕಾದರೆ ಯಾರಾದರೂ ಅದನ್ನು ಬಲವಂತವಾಗಿ ತಿರುಗಿಸುತ್ತಿರಬೇಕು. ಆ ಕೆಲಸ ಬೇರಿಂಗ್‌ಗಳ ಪಾಲಿಗೆ ಬರುತ್ತದೆ. ನಡುಕವೆಂದರೆ ಅದೇ.

ಓರೆಯಾಗದ ದಿಕ್ಕು

ಗುಣಿಸಿದ ಮೇಲೂ ದಿಕ್ಕು ಬದಲಾಗದೆ, ಅಳತೆ ಮಾತ್ರ ಹಿಗ್ಗುವ ಅಥವಾ ಕುಗ್ಗುವ ದಿಕ್ಕು ಇದೆಯೇ? ಇದ್ದರೆ ಅದೇ ಪ್ರಧಾನ ಅಕ್ಷ. ಗಣಿತದವರು ಅದನ್ನು ಮಾತೃಕೆಯ ಐಗನ್ ವೆಕ್ಟರ್ ಎನ್ನುತ್ತಾರೆ. ಅದನ್ನು ಹುಡುಕಲು ಒಂದು ಘನ ಸಮೀಕರಣ ಬಿಡಿಸಬೇಕು. ಅದರ ಮೂರು ಮೂಲಗಳೇ ಮೂರು ಪ್ರಧಾನ ಜಡತ್ವ ಭ್ರಾಮಕಗಳು; ಒಂದೊಂದನ್ನೂ ಮತ್ತೆ ಮಾತೃಕೆಗೆ ಹಾಕಿ ನೋಡಿದರೆ ಅದಕ್ಕೆ ಸೇರಿದ ದಿಕ್ಕು ಸಿಗುತ್ತದೆ.

ನಮ್ಮ ಚಕ್ರಕ್ಕೆ ಅಷ್ಟು ಶ್ರಮ ಬೇಡ. 0.0016 ಅನ್ನು 0.9 ಮತ್ತು 0.5ರ ವ್ಯತ್ಯಾಸವಾದ 0.4ರಿಂದ ಭಾಗಿಸಿದರೆ 0.004 ಬರುತ್ತದೆ. ಓರೆ ಇಷ್ಟು ಚಿಕ್ಕದಿದ್ದಾಗ ಈ ಅಂದಾಜು ಸಾಕು. ಈಗ (1, -0.004, 0) ಎಂಬ ದಿಕ್ಕನ್ನು ಮಾತೃಕೆಯಿಂದ ಗುಣಿಸಿ ನೋಡಿ. ಮೊದಲ ಸ್ಥಾನದಲ್ಲಿ 0.9000064, ಎರಡನೆಯದರಲ್ಲಿ -0.0036. ಎರಡನ್ನೂ 0.9ರಿಂದ ಭಾಗಿಸಿದರೆ ಹೆಚ್ಚುಕಡಿಮೆ (1, -0.004, 0) ತಿರುಗಿ ಬರುತ್ತದೆ. ದಿಕ್ಕು ಕದಲಲಿಲ್ಲ. ಚಕ್ರದ ನಿಜವಾದ ಪ್ರಧಾನ ಅಕ್ಷ ಆಕ್ಸಲಿನಿಂದ ಸುಮಾರು 0.23 ಡಿಗ್ರಿ ಓರೆಯಾಗಿದೆ. ಕಣ್ಣಿಗೆ ಕಾಣದ ಈ ಓರೆಯೇ ಕೈಯಲ್ಲಿ ನಡುಕವಾಗಿ ಸಿಕ್ಕಿದ್ದು.

ಅಂಗಡಿಯ ಮೆಷಿನ್ ಇಡೀ ಮಾತೃಕೆಯನ್ನು ಕಟ್ಟುವುದಿಲ್ಲ. ಆಕ್ಸಲಿನ ಸಾಲಿನಲ್ಲಿರುವ, ಕರ್ಣದಾಚೆಯ ಅಂಕಿಗಳು ಹುಟ್ಟಿಸುವ ಬಲವನ್ನಷ್ಟೇ ತನ್ನ ದಂಡದ ಸಂವೇದಕಗಳಿಂದ ಅಳೆಯುತ್ತದೆ. ಅದಕ್ಕೇ ಚಕ್ರ ಏರಿಸಿದ ಕೂಡಲೇ ರಿಮ್ಮಿನ ವ್ಯಾಸ, ಅಗಲ, ಮೆಷಿನ್ನಿನಿಂದ ರಿಮ್ಮಿಗಿರುವ ದೂರ ಎಂಬ ಮೂರು ಅಳತೆ ಕೊಡಬೇಕು. ನಮ್ಮ ಲೆಕ್ಕದ x, y ದೂರಗಳು ಬರುವುದು ಇವುಗಳಿಂದಲೇ. ದೂರವನ್ನು ತಪ್ಪಾಗಿ ಕೊಟ್ಟರೆ ಗ್ರಾಮುಗಳ ಲೆಕ್ಕವೂ ತಪ್ಪುತ್ತದೆ. ತುಂಡು ಹೊಡೆದು ಮತ್ತೊಮ್ಮೆ ತಿರುಗಿಸಿದಾಗ ಪರದೆಯಲ್ಲಿ ಸೊನ್ನೆ ಬರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಒಂದೇ ತುಂಡು ಯಾಕೆ ಸಾಲದು ಎಂಬುದಕ್ಕೂ ಉತ್ತರ ಇಲ್ಲಿದೆ. ಒಂದು ತುಂಡು ಹೊಡೆದರೆ ಸರಿಯಾಗಿದ್ದ ದ್ರವ್ಯರಾಶಿ ಕೇಂದ್ರ ಆಕ್ಸಲಿನಿಂದ ಸರಿದುಹೋಗುತ್ತದೆ. ಕೇಂದ್ರವನ್ನು ಕದಲಿಸದೆ ಅಕ್ಷವನ್ನು ಮಾತ್ರ ನೆಟ್ಟಗೆ ಮಾಡಬೇಕಾದರೆ ಹೊರಗೆ ಕೆಳಗೊಂದು, ಒಳಗೆ ಮೇಲೊಂದು ಬೇಕೇ ಬೇಕು.

ಎಲ್ಲಕ್ಕೂ ಮೂರು

ಚಕ್ರದಂತಹ ಅಂದವಾದ ಆಕಾರಕ್ಕೆ ಮಾತ್ರ ಇಂಥ ಅಕ್ಷಗಳಿರುತ್ತವೆ ಎಂದುಕೊಳ್ಳಬೇಡಿ. ಹೊಳೆಯ ದಡದ ಅಂಕುಡೊಂಕು ಕಲ್ಲಿಗೂ ಅದರ ದ್ರವ್ಯರಾಶಿ ಕೇಂದ್ರದ ಮೂಲಕ ಹಾಯುವ, ಒಂದಕ್ಕೊಂದು ಲಂಬವಾದ ಮೂರು ಪ್ರಧಾನ ಅಕ್ಷಗಳು ಇದ್ದೇ ಇರುತ್ತವೆ. 1755ರಲ್ಲಿ ಯೋಹಾನ್ ಆಂಡ್ರಿಯಾಸ್ ಸೆಗ್ನರ್ ಇದನ್ನು ಗುರುತಿಸಿದ. ಲಿಯೊನಾರ್ಡ್ ಆಯ್ಲರ್ 1765ರ ತನ್ನ ಗ್ರಂಥದಲ್ಲಿ ಈ ಅಕ್ಷಗಳ ಮೇಲೆಯೇ ದೃಢಕಾಯಗಳ ಚಲನೆಯ ಶಾಸ್ತ್ರವನ್ನು ಕಟ್ಟಿದ. ಇಂದಿನ ಭಾಷೆಯಲ್ಲಿ ಕಾರಣ ಸರಳ: ಜಡತ್ವ ಮಾತೃಕೆಯಲ್ಲಿ ಕರ್ಣದ ಎರಡೂ ಪಕ್ಕಗಳು ಒಂದರ ಪ್ರತಿಬಿಂಬ ಇನ್ನೊಂದು. ಅಂಥ ಮಾತೃಕೆಗೆ ಲಂಬವಾದ ಮೂರು ಐಗನ್ ದಿಕ್ಕುಗಳು ಸಿಕ್ಕೇ ಸಿಗುತ್ತವೆ. ಎರಡು ಭ್ರಾಮಕಗಳು ಸಮವಾಗಿದ್ದರೆ ಮಾತ್ರ ಆಯ್ಕೆಗೆ ಸ್ವಾತಂತ್ರ್ಯವಿದೆ. ದೋಷವಿಲ್ಲದ ಚಕ್ರದಲ್ಲಿ ಯಾವ ವ್ಯಾಸವನ್ನು ಆರಿಸಿಕೊಂಡರೂ ಅದು ಪ್ರಧಾನ ಅಕ್ಷವೇ.

ಆಕ್ಸಲ್ ಇಲ್ಲದಾಗ

ಚಕ್ರವನ್ನು ಆಕ್ಸಲ್ ಹಿಡಿದಿಟ್ಟಿರುತ್ತದೆ. ಆಕಾಶದಲ್ಲಿ ತೇಲುವ ವಸ್ತುವನ್ನು ಹಿಡಿಯುವವರಿಲ್ಲ. ಅಲ್ಲಿ ಮೂರರಲ್ಲಿ ಯಾವ ಅಕ್ಷ ಎಂಬ ಪ್ರಶ್ನೆಯೂ ಏಳುತ್ತದೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಭ್ರಾಮಕದ ಅಕ್ಷಗಳ ಸುತ್ತ ದೃಢಕಾಯ ಸ್ಥಿರವಾಗಿ ತಿರುಗಬಲ್ಲದು. ನಡುವಿನದರ ಸುತ್ತ ತಿರುಗಿಸಿದರೆ ಚಿಕ್ಕ ಓರೆಯೂ ಬೆಳೆಯುತ್ತ ಹೋಗಿ ವಸ್ತು ಪಲ್ಟಿ ಹೊಡೆಯುತ್ತದೆ. ದಪ್ಪ ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಬಿಗಿದು, ಎರಡೂ ಪಕ್ಕ ಹಿಡಿದು, ತಲೆಕೆಳಗಾಗುವಂತೆ ಮೇಲಕ್ಕೆ ಚಿಮ್ಮಿದರೆ ಇದನ್ನು ಮನೆಯಲ್ಲೇ ನೋಡಬಹುದು: ಕೈಗೆ ಮರಳುವಷ್ಟರಲ್ಲಿ ಅದು ಅಡ್ಡಕ್ಕೂ ತಿರುಗಿರುತ್ತದೆ.

ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಇನ್ನೂ ಸೂಕ್ಷ್ಮವಾದ ಪಾಠ ಕಲಿಸಿತು. 1958ರ ಜನವರಿ 31ರ ರಾತ್ರಿ ಹಾರಿದ ಅದು ಸುಮಾರು 2 ಮೀಟರ್ ಉದ್ದದ, 16 ಸೆಂಟಿಮೀಟರ್ ವ್ಯಾಸದ, 14 ಕಿಲೋ ತೂಕದ ಕೊಳವೆ. ಅದನ್ನು ಉದ್ದದ ಅಕ್ಷದ ಸುತ್ತ, ಅಂದರೆ ಅತಿ ಕಡಿಮೆ ಭ್ರಾಮಕದ ಅಕ್ಷದ ಸುತ್ತ, ನಿಮಿಷಕ್ಕೆ 750 ಸುತ್ತಿನ ವೇಗದಲ್ಲಿ ತಿರುಗಿಸಿ ಬಿಟ್ಟಿದ್ದರು. ಲೆಕ್ಕದ ಪ್ರಕಾರ ಅದು ಹಾಗೆಯೇ ತಿರುಗುತ್ತಿರಬೇಕಿತ್ತು. ಆದರೆ ಕೆಲವೇ ಗಂಟೆಗಳಲ್ಲಿ ಉಪಗ್ರಹ ಕೋಲು ಬೀಸಿದಂತೆ ತುದಿಯಿಂದ ತುದಿಗೆ ಪಲ್ಟಿ ಹೊಡೆಯುತ್ತಿತ್ತು.

ದೃಢಕಾಯ ಎಂಬ ಊಹೆ ಇಲ್ಲಿ ಮುರಿದಿತ್ತು. ಉಪಗ್ರಹಕ್ಕೆ ಬಳುಕುವ ನಾಲ್ಕು ಆಂಟೆನಾಗಳಿದ್ದವು. ಪ್ರತಿ ಬಳುಕಿನಲ್ಲೂ ಒಂದಿಷ್ಟು ಶಕ್ತಿ ಶಾಖವಾಗಿ ಸೋರುತ್ತಿತ್ತು. ಹೊರಗಿನ ತಿರುಚು ಇಲ್ಲದ್ದರಿಂದ ಕೋನೀಯ ಸಂವೇಗ ಮಾತ್ರ ಹಾಗೆಯೇ ಉಳಿಯಬೇಕು. ಸಂವೇಗ ಅಷ್ಟೇ ಇದ್ದು ಶಕ್ತಿ ಕಡಿಮೆಯಾಗಬೇಕಾದರೆ ವಸ್ತು ಹೆಚ್ಚಿನ ಭ್ರಾಮಕದ ಅಕ್ಷಕ್ಕೆ ವಾಲದೆ ದಾರಿಯಿಲ್ಲ. ಕೊಳವೆಯ ತೂಕ ಎಲ್ಲೆಡೆ ಸಮನಾಗಿ ಹಂಚಿದೆ ಎಂದು ಒರಟಾಗಿ ಲೆಕ್ಕ ಹಾಕಿದರೆ ಉದ್ದದ ಅಕ್ಷದ ಭ್ರಾಮಕ 0.045, ಅಡ್ಡ ಅಕ್ಷದ್ದು ಸುಮಾರು 4.7. ನೂರು ಪಟ್ಟಿಗೂ ಹೆಚ್ಚು. ಹಾಗಾಗಿ ತಿರುಗುವ ವೇಗ ನಿಮಿಷಕ್ಕೆ ಏಳು ಸುತ್ತಿನ ಆಸುಪಾಸಿಗೆ ಇಳಿಯಬೇಕು, ತಿರುಗುವಿಕೆಯ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲಷ್ಟೇ ಉಳಿಯಬೇಕು.

ಅಂದಿನಿಂದ ಉಪಗ್ರಹ ವಿನ್ಯಾಸಕರ ಮುಂದೆ ಎರಡೇ ದಾರಿ. ತಾನಾಗಿ ತಿರುಗುತ್ತ ಸ್ಥಿರವಾಗಿರಬೇಕಾದ ಉಪಗ್ರಹವನ್ನು ಕೊಳವೆಯಂತೆ ಉದ್ದವಾಗಿಸದೆ ಬಿಲ್ಲೆಯಂತೆ ಅಗಲವಾಗಿಸಿ, ತಿರುಗುವ ಅಕ್ಷವೇ ಅತಿ ಹೆಚ್ಚಿನ ಭ್ರಾಮಕದ ಅಕ್ಷವಾಗುವಂತೆ ನೋಡಿಕೊಳ್ಳಬೇಕು. ಉದ್ದವಾಗಿಯೇ ಇರಬೇಕಾದರೆ ಓಲಾಟವನ್ನು ಆಗಾಗ ತಿದ್ದುವ ವ್ಯವಸ್ಥೆಯನ್ನು ಜೊತೆಗೆ ಕೊಡಬೇಕು. ಮೂರು ಅಕ್ಷಗಳು ಎಲ್ಲಿವೆ ಎಂಬುದನ್ನು ಜಡತ್ವ ಮಾತೃಕೆ ಹೇಳುತ್ತದೆ. ಅವುಗಳಲ್ಲಿ ಯಾವುದು ಬಹುಕಾಲ ಬಾಳುತ್ತದೆ ಎಂಬುದನ್ನು ವಸ್ತು ಎಷ್ಟು ಗಟ್ಟಿ, ಎಲ್ಲಿ ಬಳುಕುತ್ತದೆ ಎಂಬುದು ತೀರ್ಮಾನಿಸುತ್ತದೆ.